ಆರ್‌ಬಿಐ ಸಾಲಪತ್ರ ಕೊಂಡರೆ ಸಿರವಾರಕ್ಕೇನು?

ಸಿರವಾರದ ಹತ್ತಿ ಬೆಳೆಗಾರರೊಬ್ಬರು ಬ್ಯಾಂಕಿನಲ್ಲಿ 100 ರೂಪಾಯಿ ಠೇವಣಿ ಇಟ್ಟರೆ, ಅದರಲ್ಲಿ ಸುಮಾರು 18 ರೂಪಾಯಿಯನ್ನು ಬ್ಯಾಂಕು ಮುಖ್ಯವಾಗಿ ಸರ್ಕಾರಿ ಸಾಲಪತ್ರಗಳಲ್ಲೇ ಇಟ್ಟುಕೊಳ್ಳಬೇಕು, ಅದು ಕಾನೂನು. ಬ್ಯಾಂಕುಗಳ ಬಳಿ ಇರುವ ಇಂಥ ಪತ್ರಗಳನ್ನು ರಿಸರ್ವ್ ಬ್ಯಾಂಕ್ ಕೊಳ್ಳುವುದೂ ಮಾರುವುದೂ ಹೊಸತಲ್ಲ. ಕೊಂಡಾಗ ಬ್ಯಾಂಕುಗಳ ಖಾತೆಗೆ ಹೊಸ ಹಣ ಜಮೆಯಾಗುತ್ತದೆ, ಮಾರಿದಾಗ ಹಿಂದಕ್ಕೆ ಹೋಗುತ್ತದೆ. ಇದೇ ಮುಕ್ತ ಮಾರುಕಟ್ಟೆ ಕಾರ್ಯಾಚರಣೆ. ಹಬ್ಬದ ದಿನಗಳಲ್ಲೋ ತೆರಿಗೆ ಕಟ್ಟುವ ತಿಂಗಳಲ್ಲೋ ಹಣ ಬಿಗಿಯಾದರೆ ಸಡಿಲಿಸಿ, ಬ್ಯಾಂಕುಗಳು ಪರಸ್ಪರ ಒಂದೇ ರಾತ್ರಿಗೆ ಕೊಡುವ ಸಾಲದ ಬಡ್ಡಿಯನ್ನು ರೆಪೊ ದರದ ಆಸುಪಾಸಿನಲ್ಲಿ ನಿಲ್ಲಿಸುವುದು ಇದರ ಮುಖ್ಯ ಉದ್ದೇಶ.

ಆ ಬಡ್ಡಿಯೇ ಸೊನ್ನೆಗೆ ಇಳಿದುಬಿಟ್ಟರೆ? 2001ರಲ್ಲಿ ಜಪಾನಿಗೆ, 2008ರಲ್ಲಿ ಅಮೆರಿಕಕ್ಕೆ ಇದೇ ಸ್ಥಿತಿ ಬಂತು. ಆಗ ಹುಟ್ಟಿದ್ದು ಕ್ವಾಂಟಿಟೇಟಿವ್ ಈಸಿಂಗ್. ಕೊಳ್ಳುವ ಕೆಲಸ ಅದೇ, ಗುರಿ ಬೇರೆ: ಇಷ್ಟು ಮೊತ್ತ ಕೊಳ್ಳುತ್ತೇವೆಂದು ಮೊದಲೇ ಸಾರಿ, ಹತ್ತು-ಇಪ್ಪತ್ತು ವರ್ಷದ ಸಾಲದ ಬಡ್ಡಿಯನ್ನು ತಗ್ಗಿಸುವುದು. ವರ್ಷಕ್ಕೆ 6 ರೂಪಾಯಿ ಕೊಡುವ 100 ರೂಪಾಯಿಯ ಪತ್ರಕ್ಕೆ ಕೊಳ್ಳುವವರು ಹೆಚ್ಚಿ ಬೆಲೆ 105ಕ್ಕೆ ಏರಿತು ಅನ್ನಿ. ಈಗ ಕೊಂಡವನಿಗೆ ಸಿಗುವ ಬಡ್ಡಿ ಸುಮಾರು 5.7% ಮಾತ್ರ.

ಭಾರತ ಇದರ ಹತ್ತಿರಕ್ಕೆ ಬಂದದ್ದು 2021ರ ಏಪ್ರಿಲ್ 7ರಂದು. ಅಂದು ಗವರ್ನರ್ ಶಕ್ತಿಕಾಂತ ದಾಸ್ ಜಿ-ಸ್ಯಾಪ್ ಎಂಬ ಯೋಜನೆ ಪ್ರಕಟಿಸಿ, ಮೂರು ತಿಂಗಳಲ್ಲಿ 1 ಲಕ್ಷ ಕೋಟಿ ರೂಪಾಯಿಯ ಪತ್ರ ಕೊಳ್ಳುವುದಾಗಿ ಮಾತು ಕೊಟ್ಟರು. ಮುಂದಿನ ಮೂರು ತಿಂಗಳಿಗೆ 1.2 ಲಕ್ಷ ಕೋಟಿ. ಮೊತ್ತವನ್ನು ಮುಂಚೆಯೇ ಹೇಳಿದ್ದೇ ಹೊಸತು. ಆದರೆ ರೆಪೊ ದರ ಆಗ 4% ಇತ್ತು, ಸೊನ್ನೆಯಲ್ಲ. ಹಾಗಾಗಿ ಇದನ್ನು ಪೂರ್ತಿ ಕ್ವಾಂಟಿಟೇಟಿವ್ ಈಸಿಂಗ್ ಅನ್ನಲು ನನಗೆ ಮನಸ್ಸಿಲ್ಲ. ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸುವ ಹೊತ್ತಿಗೆ ಹತ್ತು ವರ್ಷದ ಪತ್ರದ ಬಡ್ಡಿ 6%ಗಿಂತ ಮೇಲೆಯೇ ಇತ್ತು. ಕೊಳ್ಳದೇ ಇದ್ದಿದ್ದರೆ ಇನ್ನೆಷ್ಟು ಏರುತ್ತಿತ್ತೋ, ಅಳೆಯುವ ದಾರಿಯಿಲ್ಲ.

'ನೋಟು ಮುದ್ರಿಸಿ ಹಂಚಿದರು' ಎನ್ನುವ ಮಾತು ಮಾತ್ರ ತಪ್ಪು. ಬ್ಯಾಂಕಿಗೆ ಬಂದ ಹಣ ರಿಸರ್ವ್ ಬ್ಯಾಂಕಿನಲ್ಲಿರುವ ಅದರ ಖಾತೆಯಲ್ಲೇ ಇರುತ್ತದೆ. ಸಾಲ ಕೇಳುವವರಿಲ್ಲದೆ, ಕೊಡಲು ಬ್ಯಾಂಕಿಗೂ ಧೈರ್ಯವಿಲ್ಲದೆ, ಆ ವರ್ಷ ಲಕ್ಷಾಂತರ ಕೋಟಿ 3.35% ಬಡ್ಡಿಗೆ ರಿಸರ್ವ್ ಬ್ಯಾಂಕಿಗೇ ಮರಳಿತು.

ಮಾನ್ವಿ, ದೇವದುರ್ಗ, ಸಿರವಾರದ ಬೆಳೆಸಾಲಕ್ಕಂತೂ ಇದರ ಬಿಸಿ ತಟ್ಟಲಿಲ್ಲ: ಸಹಕಾರ ಸಂಘದಲ್ಲಿ ಆಗ 3 ಲಕ್ಷದವರೆಗಿನ ಸಾಲಕ್ಕೆ ಬಡ್ಡಿ ಸೊನ್ನೆಯಿತ್ತು, ಅದನ್ನು ನಿರ್ಧರಿಸುವುದು ಸರ್ಕಾರದ ಸಹಾಯಧನ. ತಟ್ಟಿದ್ದು ಠೇವಣಿ ಇಟ್ಟವರಿಗೆ. ಹಣ ತುಂಬಿ ತುಳುಕುತ್ತಿದ್ದ ಬ್ಯಾಂಕುಗಳು ಒಂದು ವರ್ಷದ ಠೇವಣಿಗೆ ಸುಮಾರು 5% ಕೊಡುತ್ತಿದ್ದಾಗ, 2021ರ ಮೇ ತಿಂಗಳಲ್ಲಿ ಬೆಲೆಏರಿಕೆ 6% ದಾಟಿತ್ತು.