ಐದು ನಿಮಿಷದ ಪ್ರಾಸ್ತಾವಿಕ, ಐದು ಊರುಗಳ ಕಥೆ

ನಮ್ಮ ತಾಲ್ಲೂಕು ಸಾಹಿತ್ಯ ಸಮ್ಮೇಳನದಲ್ಲಿ ಪ್ರಾಸ್ತಾವಿಕ ಮಾತಾಡುವ ಹೊಣೆ ಈ ಬಾರಿ ನನ್ನ ಪಾಲಿಗೆ ಬಂತು. ಸಿಕ್ಕಿದ್ದು ಐದು ನಿಮಿಷ. ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಏಕೆ ಹುಟ್ಟಿತು, ಹೇಗೆ ಬೆಳೆಯಿತು ಎಂಬುದನ್ನು ಅಷ್ಟರಲ್ಲೇ ಹೇಳಬೇಕು.

ಮೊದಲು ಬರೆದುಕೊಂಡ ಸಾಲು ‘1915ರಿಂದ ಪ್ರತಿವರ್ಷ ನಡೆದುಬಂದಿರುವ’ ಎಂದಿತ್ತು. ಲೆಕ್ಕ ಹಾಕಿದಾಗ ಅದು ತಪ್ಪೆಂದು ಗೊತ್ತಾಯಿತು. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ ನಡೆದದ್ದು 87ನೆಯ ಅಖಿಲ ಭಾರತ ಸಮ್ಮೇಳನ. ಪ್ರತಿವರ್ಷ ನಡೆದಿದ್ದರೆ ಅದು 110ನೆಯದಾಗಬೇಕಿತ್ತು. ಆ ಸಾಲನ್ನು ಹೊಡೆದುಹಾಕಿದೆ.

ಮೊದಲ ಸಮ್ಮೇಳನ ಸೇರಿದ್ದು 1915ರ ಮೇ ತಿಂಗಳಲ್ಲಿ, ಬೆಂಗಳೂರಿನಲ್ಲಿ. ಅಲ್ಲೇ ಮೇ 5ರಂದು ಸಾಹಿತ್ಯ ಪರಿಷತ್ತು ಹುಟ್ಟಿತು. ಎರಡಕ್ಕೂ ಎಚ್.ವಿ. ನಂಜುಂಡಯ್ಯನವರೇ ಅಧ್ಯಕ್ಷರು. ಆಗ ಕನ್ನಡಿಗರು ಒಂದೇ ಆಡಳಿತದ ಕೆಳಗಿರಲಿಲ್ಲ. ಮೈಸೂರು ಅರಸರ ಕೈಲಿತ್ತು, ಧಾರವಾಡ ಮುಂಬಯಿ ಪ್ರಾಂತಕ್ಕೆ ಸೇರಿತ್ತು, ಬಳ್ಳಾರಿ ಮದರಾಸಿಗೆ, ಕಲಬುರಗಿ ನಿಜಾಮರಿಗೆ. ಕೊಡಗಿಗೆ ಪ್ರತ್ಯೇಕ ಆಡಳಿತವಿತ್ತು. ಹೀಗೆ ಚದುರಿದವರಿಗೆಲ್ಲ ಒಪ್ಪುವ ಒಂದು ಬರವಣಿಗೆಯ ಕನ್ನಡ ಬೇಕು, ಅದರಲ್ಲಿ ಶಾಸ್ತ್ರಗ್ರಂಥಗಳೂ ಬರಬೇಕು ಎಂಬುದು ಆ ಹಿರಿಯರ ಉದ್ದೇಶವಾಗಿತ್ತು.

ಇದಕ್ಕೆ ಬೆಂಗಳೂರಿನಲ್ಲಿ ಕೂತು ಠರಾವು ಮಾಡಿದರೆ ಸಾಲದು. ಆದ್ದರಿಂದ ಸಮ್ಮೇಳನವೇ ಊರೂರಿಗೆ ಹೊರಟಿತು. ಮೊದಲ ಮೂರು ಮೈಸೂರು ಸಂಸ್ಥಾನದೊಳಗೇ ಆದವು. 1918ರಲ್ಲಿ ಗಡಿ ದಾಟಿ ಧಾರವಾಡ ಮುಟ್ಟಿತು. ಅಲ್ಲಿ ಅಧ್ಯಕ್ಷ ಪೀಠದಲ್ಲಿ ಕೂತವರು ‘ಕವಿಚರಿತೆ’ಯ ಆರ್. ನರಸಿಂಹಾಚಾರ್ಯರು. ಮೈಸೂರಿನ ವಿದ್ವಾಂಸರೊಬ್ಬರನ್ನು ಮುಂಬಯಿ ಪ್ರಾಂತದ ಕನ್ನಡಿಗರು ತಮ್ಮವರೆಂದು ಕರೆಸಿಕೊಂಡು ಕೂರಿಸಿದ್ದರು. ನನಗೆ ಈ ಚರಿತ್ರೆಯಲ್ಲಿ ಎಲ್ಲಕ್ಕಿಂತ ದೊಡ್ಡದೆನಿಸುವ ಸಂಗತಿ ಇದೇ. ಏಕೀಕರಣಕ್ಕೆ ಇನ್ನೂ 38 ವರ್ಷ ಬಾಕಿಯಿತ್ತು.

1920ರಲ್ಲಿ ಮದರಾಸು ಪ್ರಾಂತದ ಹೊಸಪೇಟೆ. 1928ರಲ್ಲಿ ಕಲಬುರಗಿ, ಬಿ.ಎಂ.ಶ್ರೀ ಅಧ್ಯಕ್ಷತೆಯಲ್ಲಿ. ಆಡಳಿತವೂ ಉನ್ನತ ಶಿಕ್ಷಣವೂ ಉರ್ದುವಿನಲ್ಲಿದ್ದ ಸೀಮೆ ಅದು, ಅಲ್ಲಿ ಕನ್ನಡದ ಸಭೆ ಸೇರಿತು. 1932ರಲ್ಲಿ ಡಿ.ವಿ.ಜಿ. ಅಧ್ಯಕ್ಷತೆಯಲ್ಲಿ ಮಡಿಕೇರಿ. ಅಲ್ಲಿಗೆ ಐದೂ ಆಡಳಿತಗಳ ನೆಲದಲ್ಲಿ ಸಮ್ಮೇಳನ ಕಾಲಿಟ್ಟಂತಾಯಿತು. ಅದು 18ನೆಯದು. ಅಲ್ಲಿಯವರೆಗೆ ಒಂದು ವರ್ಷವೂ ತಪ್ಪಿರಲಿಲ್ಲ.

ನನ್ನ ಚೀಟಿಯಲ್ಲಿ ಕೊನೆಗೆ ಉಳಿದದ್ದು ಐದು ಊರು, ಐದು ಇಸವಿ. ಗಣ್ಯರ ಹೆಸರು ಓದುವುದನ್ನು ಸ್ವಾಗತ ಭಾಷಣ ಮಾಡುವವರಿಗೆ ಬಿಟ್ಟೆ. ಮುಂದಿನ ವರ್ಷ ಪ್ರಾಸ್ತಾವಿಕಕ್ಕೆ ನಿಲ್ಲುವವರಲ್ಲಿ ಒಂದು ಕೋರಿಕೆ: ಬೆಂಗಳೂರು, ಧಾರವಾಡ, ಹೊಸಪೇಟೆ, ಕಲಬುರಗಿ, ಮಡಿಕೇರಿ. ಈ ಹೆಸರುಗಳನ್ನು ಇದೇ ಕ್ರಮದಲ್ಲಿ ಹೇಳಿ, ಆಗ ಆ ಊರುಗಳು ಯಾರ ಆಡಳಿತದಲ್ಲಿದ್ದವು ಎಂಬುದನ್ನೂ ಹೇಳಿ.