ಅನುಮತಿ ಕೇಳುವ ಹೊತ್ತು

ಹೊಸ ಆ್ಯಪ್ ಹಾಕಿಕೊಂಡು ತೆರೆದ ಕೂಡಲೇ ‘ನೋಟಿಫಿಕೇಶನ್ ಕಳಿಸಬಹುದೇ?’ ಎಂಬ ಪೆಟ್ಟಿಗೆ ಎದುರಿಗೆ ಬರುತ್ತದೆ. ಏನು ಕಳಿಸುತ್ತಾರೋ ಗೊತ್ತಿಲ್ಲದ ನಾವು ಸಹಜವಾಗಿಯೇ ಬೇಡ ಎಂದು ಒತ್ತುತ್ತೇವೆ. ಅಲ್ಲಿಗೆ ಆ್ಯಪ್ ಮಾಡಿದವರ ಅವಕಾಶ ಹೆಚ್ಚುಕಡಿಮೆ ಮುಗಿಯಿತು. ಐಫೋನಿನಲ್ಲಿ ಈ ಪೆಟ್ಟಿಗೆಯನ್ನು ಒಂದೇ ಸಲ ತೋರಿಸಬಹುದು. ಆಂಡ್ರಾಯ್ಡ್‌ನಲ್ಲಿ 2022ರಲ್ಲಿ ಬಂದ 13ನೇ ಆವೃತ್ತಿಯವರೆಗೆ ಕೇಳುವ ಪ್ರಮೇಯವೇ ಇರಲಿಲ್ಲ. ಈಗ ಕೇಳಬೇಕು, ಎರಡು ಸಲ ನಿರಾಕರಿಸಿದರೆ ಪೆಟ್ಟಿಗೆ ಮತ್ತೆ ಬರುವುದಿಲ್ಲ. ಆಮೇಲೆ ಬಳಕೆದಾರರೇ ಸೆಟ್ಟಿಂಗ್ಸ್‌ಗೆ ಹೋಗಿ ಬದಲಿಸಬೇಕು. ಅಷ್ಟು ದೂರ ಹೋಗುವವರು ಯಾರು?

ಪೆಟ್ಟಿಗೆಯಲ್ಲಿನ ಮಾತು ಫೋನಿನದು, ಅದನ್ನು ತಿದ್ದಲಾಗದು. ತಯಾರಕರ ಕೈಯಲ್ಲಿರುವುದು ಅದಕ್ಕೂ ಮುಂಚಿನ ಗಳಿಗೆ.

ರೈಲು ಟಿಕೆಟ್ ಆ್ಯಪ್ ಒಂದನ್ನು ಊಹಿಸಿಕೊಳ್ಳಿ. ಹಬ್ಬಕ್ಕೆ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೊರಟವರಿಗೆ ವೇಯ್ಟಿಂಗ್ ಲಿಸ್ಟ್ 14 ಸಿಕ್ಕಿದೆ. ಹಣ ಕಟ್ಟಿದ್ದಾಯಿತು, ಸೀಟು ಸಿಗುತ್ತದೋ ಇಲ್ಲವೋ ಎಂಬ ಚಿಂತೆ ಉಳಿಯಿತು. ಅದೇ ಪುಟದಲ್ಲಿ, ಟಿಕೆಟ್ ವಿವರದ ಕೆಳಗೆ, ಚಿಕ್ಕದೊಂದು ಸಾಲು: ‘ಟಿಕೆಟ್ ಕನ್‌ಫರ್ಮ್ ಆದ ಕೂಡಲೇ ತಿಳಿಸೋಣವೇ?’ ಪಕ್ಕದಲ್ಲಿ ‘ತಿಳಿಸಿ’, ‘ಈಗ ಬೇಡ’ ಎಂಬ ಎರಡು ಗುಂಡಿ. ‘ತಿಳಿಸಿ’ ಒತ್ತಿದವರಿಗೆ ಮಾತ್ರ ಫೋನಿನ ಪೆಟ್ಟಿಗೆ ಬರುತ್ತದೆ. ತಾವೇ ಬಯಸಿದ್ದರಿಂದ ಬಹುಪಾಲು ಒಪ್ಪುತ್ತಾರೆ. ‘ಈಗ ಬೇಡ’ ಎಂದವರು ನಿರಾಕರಿಸಿದ್ದು ಆ್ಯಪ್‌ನ ಸಾಲನ್ನಷ್ಟೇ. ಫೋನಿನ ಪೆಟ್ಟಿಗೆ ಖರ್ಚಾಗದೆ ಉಳಿದಿದೆ, ಮುಂದಿನ ವೇಯ್ಟಿಂಗ್ ಲಿಸ್ಟ್ ಟಿಕೆಟ್ಟಿಗೆ ಮತ್ತೆ ಕೇಳಬಹುದು. ಹಾಗೆಂದು ಪ್ರತಿ ಪುಟದಲ್ಲೂ ಕಾಡಿದರೆ ಆ್ಯಪ್ ಅನ್ನೇ ಕಿತ್ತುಹಾಕುತ್ತಾರೆ.

ಐಫೋನಿನಲ್ಲಿ ಇನ್ನೊಂದು ದಾರಿಯೂ ಇದೆ. 2018ರ ಐಒಎಸ್ 12ರಿಂದ, ಕೇಳದೆಯೇ ಸದ್ದಿಲ್ಲದ ನೋಟಿಫಿಕೇಶನ್ ಕಳಿಸಬಹುದು. ಅವು ಲಾಕ್ ಸ್ಕ್ರೀನಿನಲ್ಲಿ ಕಾಣದೆ ನೋಟಿಫಿಕೇಶನ್ ಸೆಂಟರಿನಲ್ಲಿ ಸುಮ್ಮನೆ ಸೇರುತ್ತವೆ. ಮುಂದುವರಿಯಲೋ ಬೇಡವೋ ಎಂದು ನೋಡಿದವರು ಅಲ್ಲೇ ನಿರ್ಧರಿಸುತ್ತಾರೆ. ಸುದ್ದಿಯ ಆ್ಯಪ್‌ಗೆ ಇದು ಸಾಕು. ತಕ್ಷಣ ಗೊತ್ತಾಗಬೇಕಾದ ಸೀಟಿನ ವಿಷಯಕ್ಕೆ ಸಾಲದು.

ಎಷ್ಟು ಜನ ಒಪ್ಪಿದರು ಎಂಬ ಲೆಕ್ಕವೊಂದನ್ನೇ ನೋಡಿ ಹಿಗ್ಗುವ ಕಂಪನಿಗಳಿವೆ. ತಿಂಗಳ ನಂತರವೂ ಎಷ್ಟು ಜನರ ಫೋನಿನಲ್ಲಿ ಅನುಮತಿ ಉಳಿದಿದೆ ಎಂಬುದೇ ನಿಜವಾದ ಲೆಕ್ಕ. ಆ್ಯಪ್ ತೆರೆದಾಗಲೆಲ್ಲ ಅದನ್ನು ತಿಳಿಯಬಹುದು. ಟಿಕೆಟ್ ಸುದ್ದಿಗೆಂದು ಪಡೆದ ಅನುಮತಿಯಲ್ಲಿ ಹೋಟೆಲ್ ರಿಯಾಯಿತಿ ಕಳಿಸತೊಡಗಿದರೆ ಈ ಸಂಖ್ಯೆ ಇಳಿಯುತ್ತದೆ. ಆಂಡ್ರಾಯ್ಡ್‌ನಲ್ಲಿ ಟಿಕೆಟ್ಟಿಗೊಂದು, ಜಾಹೀರಾತಿಗೊಂದು ಚಾನೆಲ್ ಮಾಡಿದ್ದರೆ ಸಿಟ್ಟಾದವರು ಜಾಹೀರಾತನ್ನಷ್ಟೇ ನಿಲ್ಲಿಸಬಹುದು. ಐಫೋನಿನ ಸೆಟ್ಟಿಂಗ್ಸ್‌ನಲ್ಲಿ ಅಂಥ ವಿಂಗಡಣೆ ಇಲ್ಲ. ಕಿರಿಕಿರಿಯಾದವರು ಎಲ್ಲವನ್ನೂ ಒಟ್ಟಿಗೆ ಆಫ್ ಮಾಡುತ್ತಾರೆ, ಸೀಟಿನ ಸುದ್ದಿಯೂ ಅದರ ಜೊತೆಗೇ ಹೋಗುತ್ತದೆ. ಜಾಹೀರಾತಿಗೆ ಬೇರೆಯಾಗಿ ಒಪ್ಪಿಗೆ ಪಡೆಯಬೇಕೆಂದು ಆ್ಯಪಲ್‌ನ ನಿಯಮವೇ ಹೇಳುತ್ತದೆ.