ಆರು ಕೆ.ಜಿ. ನಾಯಿಗೆ ಊಟ ಎಷ್ಟು, ಸುಣ್ಣದ ಅಂಶ ಎಷ್ಟು?

ಮನೆಯಲ್ಲೇ ಬೇಯಿಸಿದ ಕೋಳಿ ಮತ್ತು ಅನ್ನವನ್ನು ನಾಯಿ ತಟ್ಟೆ ನೆಕ್ಕಿ ಮುಗಿಸುತ್ತದೆ. ಮೈ ತುಂಬಿಕೊಂಡು, ರೋಮ ಮಿರುಗುತ್ತದೆ. ಆದರೂ ಆ ಊಟದಲ್ಲಿ ಒಂದು ದೊಡ್ಡ ಕೊರತೆ ಇರಬಹುದು. ಮಾಂಸ, ಅನ್ನ, ತರಕಾರಿ ಮೂರರಲ್ಲೂ ಕ್ಯಾಲ್ಸಿಯಂ ಅತ್ಯಲ್ಪ. ಕಾಡಿನ ಪ್ರಾಣಿ ಬೇಟೆಯ ಮೂಳೆಯನ್ನೂ ಕಡಿದು ತಿನ್ನುತ್ತದೆ. ನಾವು ಮೂಳೆ ತೆಗೆದು ಬರಿಯ ಮಾಂಸ ಹಾಕುತ್ತೇವೆ. ಬೇಯಿಸಿದ ಮೂಳೆ ಚೂಪಾಗಿ ಸೀಳಿ ಕರುಳಿಗೆ ಚುಚ್ಚುವುದರಿಂದ ತೆಗೆಯುವುದು ಸರಿಯೇ. ಆದರೆ ಮೂಳೆಯ ಜೊತೆ ಹೋದ ಸುಣ್ಣದ ಅಂಶವನ್ನು ಬೇರೆ ದಾರಿಯಲ್ಲಿ ತುಂಬಿಕೊಡಬೇಕು. ಎಷ್ಟು ತುಂಬಬೇಕೆಂದು ತಿಳಿಯಲು ಮೊದಲು ಊಟದ ಪ್ರಮಾಣವನ್ನೇ ಲೆಕ್ಕ ಹಾಕಬೇಕಾಗುತ್ತದೆ.

ನಮ್ಮಲ್ಲಿ ಮನೆಮನೆಯಲ್ಲೂ ಕಾಣುವ ಸ್ಪಿಟ್ಜ್ ತಳಿಯ ನಾಯಿಯೊಂದನ್ನು ತೆಗೆದುಕೊಳ್ಳೋಣ. ವಯಸ್ಸು ನಾಲ್ಕು, ತೂಕ 6 ಕೆ.ಜಿ., ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ, ಆರೋಗ್ಯ ಚೆನ್ನಾಗಿದೆ. ಅದರ ಶಕ್ತಿಯ ಅಗತ್ಯ ಕಂಡುಕೊಳ್ಳಲು ಪಶುವೈದ್ಯರು ಬಳಸುವ ಸೂತ್ರವನ್ನು ಮೊಬೈಲಿನ ಕ್ಯಾಲ್ಕುಲೇಟರಿನಲ್ಲೇ ಮಾಡಬಹುದು. ತೂಕವನ್ನು ಮೂರು ಸಲ ಗುಣಿಸಿ: 6 × 6 × 6 = 216. ಅದರ ವರ್ಗಮೂಲ 14.7, ಇನ್ನೊಮ್ಮೆ ವರ್ಗಮೂಲ ತೆಗೆದರೆ 3.83. ಇದನ್ನು 70ರಿಂದ ಗುಣಿಸಿದರೆ ಸುಮಾರು 268. ನಾಯಿ ಸುಮ್ಮನೆ ಮಲಗಿದ್ದರೂ ದಿನಕ್ಕೆ ಬೇಕಾಗುವ ಕ್ಯಾಲರಿ ಇಷ್ಟು. ಮನೆಯೊಳಗೇ ಇದ್ದು, ಬೆಳಗ್ಗೆ ಸಂಜೆ ಸ್ವಲ್ಪ ಸುತ್ತಾಡುವ ನಾಯಿಗೆ ಅದರ 1.4 ಪಟ್ಟು, ಅಂದರೆ 375ರ ಆಸುಪಾಸು ಬೇಕು. ನಾಯಿ ಈಗಾಗಲೇ ದಪ್ಪಗಿದ್ದರೆ ಲೆಕ್ಕಕ್ಕೆ ಹಿಡಿಯಬೇಕಾದದ್ದು ಈಗಿನ ತೂಕವನ್ನಲ್ಲ, ಅದು ಇರಬೇಕಾದ ತೂಕವನ್ನು.

ಈ ಸಂಖ್ಯೆ ಆರಂಭಕ್ಕೆ ಮಾತ್ರ. ಒಂದೇ ತೂಕದ ಎರಡು ನಾಯಿಗಳ ಅಗತ್ಯದಲ್ಲೂ ಸಾಕಷ್ಟು ವ್ಯತ್ಯಾಸವಿರುತ್ತದೆ. ಹದಿನೈದು ದಿನಕ್ಕೊಮ್ಮೆ ತೂಗಿ, ಪಕ್ಕೆಲುಬಿನ ಮೇಲೆ ಬೆರಳಾಡಿಸಿ ನೋಡಿ. ಒತ್ತದೆಯೇ ಎಲುಬು ಬೆರಳಿಗೆ ಸಿಗಬೇಕು, ಆದರೆ ಎದ್ದು ಕಾಣಬಾರದು. ಎಲುಬು ಸಿಗದಿದ್ದರೆ ಊಟವನ್ನು ಹತ್ತನೇ ಒಂದು ಭಾಗ ಕಡಿಮೆ ಮಾಡಿ, ಎದ್ದು ಕಂಡರೆ ಅಷ್ಟೇ ಹೆಚ್ಚಿಸಿ.

ಈಗ ತಟ್ಟೆಗೆ ಬರೋಣ. ಚರ್ಮ, ಮೂಳೆ ತೆಗೆದು ಬೇಯಿಸಿದ ಕೋಳಿಯ ಎದೆಮಾಂಸ 120 ಗ್ರಾಂ, ಬೇಯಿಸಿದ ಕೋಳಿ ಈಲಿ 10 ಗ್ರಾಂ, ಅನ್ನ 80 ಗ್ರಾಂ, ಬೇಯಿಸಿದ ಸಿಹಿಗುಂಬಳ 50 ಗ್ರಾಂ, ಸೂರ್ಯಕಾಂತಿ ಎಣ್ಣೆ ಒಂದು ಸಣ್ಣ ಚಮಚ. ಇವೆಲ್ಲ ಸೇರಿ ಸುಮಾರು 370 ಕ್ಯಾಲರಿ. ಇದು ಇಡೀ ದಿನದ ಊಟ. ಎರಡು ಪಾಲು ಮಾಡಿ ಹೊತ್ತಿಗೊಂದು ಪಾಲು ಕೊಡಬೇಕು. ತೂಕವೆಲ್ಲ ಬೆಂದ ಮೇಲಿನದು. ಕೋಳಿ ಬೇಯುವಾಗ ನೀರು ಬಿಟ್ಟು ಕಾಲುಭಾಗದಷ್ಟು ಕುಗ್ಗುವುದರಿಂದ ಹಸಿಯಾಗಿ 160 ಗ್ರಾಂ ಬೇಕಾಗುತ್ತದೆ. ನಡುವೆ ಬಿಸ್ಕತ್ತು ಕೊಡುವ ರೂಢಿಯಿದ್ದರೆ ಅಷ್ಟು ಅನ್ನವನ್ನು ಇಳಿಸಿ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನು ಒಡೆಯುವುದರಿಂದ ನಮ್ಮ ಸಾರಿನ ತುಂಡುಗಳನ್ನು ಎತ್ತಿ ಹಾಕಬಾರದು.

ಈ ತಟ್ಟೆಯಲ್ಲಿ ರಂಜಕ, ಅಂದರೆ ಫಾಸ್ಫರಸ್, ಸುಮಾರು 360 ಮಿಲಿಗ್ರಾಂ ಇದೆ. ಕ್ಯಾಲ್ಸಿಯಂ ಬರೀ 35. ವಯಸ್ಕ ನಾಯಿಯ ಆಹಾರದಲ್ಲಿ ಪ್ರತಿ ಸಾವಿರ ಕ್ಯಾಲರಿಗೆ ಕನಿಷ್ಠ 1.25 ಗ್ರಾಂ ಕ್ಯಾಲ್ಸಿಯಂ ಇರಬೇಕೆಂಬುದು ಅಮೆರಿಕದ ಪ್ರಾಣಿ ಆಹಾರ ನಿಯಂತ್ರಕರ ಒಕ್ಕೂಟದ ಮಾನದಂಡ. ಅದರಂತೆ 370 ಕ್ಯಾಲರಿಗೆ 460 ಮಿಲಿಗ್ರಾಂ ಬೇಕು. ಜೊತೆಗೆ ಕ್ಯಾಲ್ಸಿಯಂ ರಂಜಕಕ್ಕೆ ಸಮನಾಗಿಯಾದರೂ ಇರಬೇಕು, ಎರಡು ಪಟ್ಟು ಮೀರಬಾರದು. ಇಲ್ಲಿ ಅದು ರಂಜಕದ ಹತ್ತನೇ ಒಂದು ಭಾಗದಷ್ಟೇ ಇದೆ.

ಕೊರತೆ ಹೀಗೇ ಮುಂದುವರಿದರೆ ಕತ್ತಿನಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ಮೂಳೆಯನ್ನು ಕರಗಿಸಿ ರಕ್ತಕ್ಕೆ ಕ್ಯಾಲ್ಸಿಯಂ ಎಳೆಯುತ್ತವೆ. ಹಾಗಾಗಿ ರಕ್ತಪರೀಕ್ಷೆಯಲ್ಲಿ ಕ್ಯಾಲ್ಸಿಯಂ ಸರಿಯಾಗಿಯೇ ಕಾಣಬಹುದು, ಅಷ್ಟರಿಂದ ಊಟ ಸರಿಯಿದೆ ಎನ್ನಲಾಗದು. ದೊಡ್ಡ ನಾಯಿಮರಿಗಳಲ್ಲಿ ವಾರಗಳಲ್ಲೇ ಕಾಣುವ ತೊಂದರೆ ಬೆಳೆದ ನಾಯಿಯಲ್ಲಿ ಹೊರಗೆ ಬರಲು ತಿಂಗಳುಗಳು, ವರ್ಷಗಳು ಹಿಡಿಯಬಹುದು. ಆಗ ದವಡೆಯ ಮೂಳೆ ಮೆತ್ತಗಾಗುತ್ತದೆ, ಹಲ್ಲು ಅಲ್ಲಾಡುತ್ತದೆ, ಸಣ್ಣ ಜಿಗಿತಕ್ಕೂ ಕಾಲು ಮುರಿಯಬಹುದು.

ಕ್ಯಾಲ್ಸಿಯಂ ಎಂದೊಡನೆ ನಮಗೆ ನೆನಪಾಗುವುದು ರಾಗಿ. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ 350 ಮಿಲಿಗ್ರಾಂನಷ್ಟು ಕ್ಯಾಲ್ಸಿಯಂ ಇರುವುದು ನಿಜ. ಆದರೆ ಅದೇ ನೂರು ಗ್ರಾಂ ಹಿಟ್ಟಿನಲ್ಲಿ 320 ಕ್ಯಾಲರಿಯೂ ಇದೆ. ನಮ್ಮ ಸ್ಪಿಟ್ಜ್‌ಗೆ ರಾಗಿಯಿಂದಲೇ ಕೊರತೆ ತುಂಬಲು ಹೋದರೆ ಮುದ್ದೆಯಲ್ಲೇ ದಿನದ ಊಟ ಮುಗಿದು ಮಾಂಸಕ್ಕೆ ಜಾಗವೇ ಉಳಿಯದು. ರಾಗಿಯಲ್ಲಿ ರಂಜಕವೂ ಸಾಕಷ್ಟಿದೆ, ಫೈಟೇಟ್ ಎಂಬ ಅಂಶ ಕ್ಯಾಲ್ಸಿಯಂ ಹೀರದಂತೆ ತಡೆಯುತ್ತದೆ. ಹಾಲಿನದೂ ಹೆಚ್ಚುಕಡಿಮೆ ಇದೇ ಕಥೆ. 350 ಮಿಲಿಲೀಟರ್ ಹಾಲು ಕುಡಿಸಬೇಕು, ಅದು ದಿನದ ಅರ್ಧಕ್ಕಿಂತ ಹೆಚ್ಚು ಕ್ಯಾಲರಿ. ಹಲವು ನಾಯಿಗಳಿಗೆ ಅಷ್ಟು ಹಾಲು ಜೀರ್ಣವಾಗದೆ ಭೇದಿಯಾಗುತ್ತದೆ. ಅನ್ನದ ಬದಲು ಸ್ವಲ್ಪ ಮುದ್ದೆ, ಒಂದು ಚಮಚ ಮೊಸರು ಕೊಡಲು ಅಡ್ಡಿಯಿಲ್ಲ. ಅವುಗಳನ್ನು ಕ್ಯಾಲ್ಸಿಯಂ ಮೂಲವೆಂದು ನಂಬಿ ಕೂರಬಾರದು.

ಕ್ಯಾಲರಿಯನ್ನೂ ರಂಜಕವನ್ನೂ ಹೆಚ್ಚಿಸದೆ ಕ್ಯಾಲ್ಸಿಯಂ ಕೊಡುವ ವಸ್ತು ಅಡುಗೆಮನೆಯ ಕಸದ ಬುಟ್ಟಿಗೆ ಹೋಗುವ ಮೊಟ್ಟೆಯ ಚಿಪ್ಪು. ಅದು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಒಂದು ಗ್ರಾಂ ಪುಡಿಯಲ್ಲಿ ಸುಮಾರು 380 ಮಿಲಿಗ್ರಾಂ ಕ್ಯಾಲ್ಸಿಯಂ ಸಿಗುತ್ತದೆ. ಚಿಪ್ಪುಗಳನ್ನು ತೊಳೆದು ಹತ್ತು ನಿಮಿಷ ಕುದಿಸಿ, ಒಳಗಿನ ಪೊರೆ ಕಿತ್ತು, ಚೆನ್ನಾಗಿ ಒಣಗಿಸಿ ಮಿಕ್ಸಿಯಲ್ಲಿ ಪುಡಿ ಮಾಡಿ. ತೆಳು ಬಟ್ಟೆಯಲ್ಲಿ ಜರಡಿ ಹಿಡಿದ ಮೇಲೆ ಬೆರಳುಗಳ ನಡುವೆ ಉಜ್ಜಿದರೆ ಮೈದಾ ಹಿಟ್ಟಿನಂತಿರಬೇಕು. ತರಿತರಿಯಾಗಿದ್ದರೆ ಸರಿಯಾಗಿ ಜೀರ್ಣವಾಗದೆ ಹೊರಹೋಗುತ್ತದೆ.

ನಮ್ಮ ಲೆಕ್ಕಕ್ಕೆ ದಿನಕ್ಕೆ 1.2 ಗ್ರಾಂ ಪುಡಿ ಸಾಕು. ಊಟದಲ್ಲಿದ್ದ 35ಕ್ಕೆ 456 ಸೇರಿ ಒಟ್ಟು 490 ಮಿಲಿಗ್ರಾಂ ಆಗುತ್ತದೆ. ರಂಜಕದ 1.4 ಪಟ್ಟು, ಅಂದರೆ ಹಿತಮಿತದೊಳಗೆ. ಇಷ್ಟು ಸಣ್ಣ ತೂಕ ಅಡುಗೆಮನೆಯ ತಕ್ಕಡಿಗೆ ನಿಲುಕುವುದಿಲ್ಲ. ಹನ್ನೆರಡು ಗ್ರಾಂ ತೂಗಿಕೊಂಡು ಹತ್ತು ಸಮಪಾಲು ಮಾಡಿ ಪೊಟ್ಟಣ ಕಟ್ಟಿಡುವುದು ಸುಲಭ. ಪ್ರತಿದಿನ ಒಂದು ಪೊಟ್ಟಣವನ್ನು ಆರಿದ ಊಟಕ್ಕೆ ಬೆರೆಸಿ. ಕಣ್ಣಂದಾಜಿನಲ್ಲಿ ಚಮಚ ತುಂಬಾ ಹಾಕಿದರೆ ಪ್ರಮಾಣ ನಾಲ್ಕು ಪಟ್ಟಾಗಿ, ಮಲ ಗಟ್ಟಿಯಾಗಿ ಬಿಳಿಚುತ್ತದೆ, ಸತುವು ಹೀರುವುದಕ್ಕೂ ಅಡ್ಡಿಯಾಗುತ್ತದೆ. ಮನುಷ್ಯರ ಕ್ಯಾಲ್ಸಿಯಂ ಮಾತ್ರೆಗಳಲ್ಲಿ ಡಿ ವಿಟಮಿನ್ ಸೇರಿರುವುದು ಸಾಮಾನ್ಯ. ಅದು ಹೆಚ್ಚಾದರೆ ವಿಷ. ಕೆಲವು ಸಕ್ಕರೆರಹಿತ ಮಾತ್ರೆಗಳಲ್ಲಿರುವ ಜೈಲಿಟಾಲ್ ಸ್ವಲ್ಪ ಪ್ರಮಾಣದಲ್ಲೂ ನಾಯಿಗೆ ಪ್ರಾಣಾಂತಕ. ಆದ್ದರಿಂದ ಅವನ್ನು ಮುಟ್ಟದಿರುವುದೇ ಲೇಸು.

ಕ್ಯಾಲ್ಸಿಯಂ ಸರಿಹೋದರೂ ಈ ತಟ್ಟೆ ಪರಿಪೂರ್ಣವಲ್ಲ. ಸತು, ಅಯೋಡಿನ್, ಡಿ ಮತ್ತು ಇ ವಿಟಮಿನ್ ಇನ್ನೂ ಕೊರತೆಯಲ್ಲಿವೆ. ನಾಯಿ ತನ್ನ ಚರ್ಮದಲ್ಲಿ ಸಾಕಷ್ಟು ಡಿ ವಿಟಮಿನ್ ತಯಾರಿಸಲಾರದಾದ್ದರಿಂದ ಬಿಸಿಲಿಗೆ ಬಿಟ್ಟರೂ ಅದು ತುಂಬದು. ಇದೇ ಊಟವನ್ನು ತಿಂಗಳುಗಟ್ಟಲೆ ಕೊಡುವುದಾದರೆ ಮನೆ ಊಟಕ್ಕೆಂದೇ ತಯಾರಾದ ಖನಿಜ-ವಿಟಮಿನ್ ಮಿಶ್ರಣ ಬೇಕು. ಅದರಲ್ಲಿ ಕ್ಯಾಲ್ಸಿಯಂ ಇದ್ದರೆ ಚಿಪ್ಪಿನ ಪುಡಿಯಿಂದ ಅಷ್ಟನ್ನು ಕಳೆಯಬೇಕು. ಮರಿ, ಗಬ್ಬದ ನಾಯಿ, ಮೂತ್ರಪಿಂಡದ ತೊಂದರೆ ಅಥವಾ ಮೂತ್ರಕೋಶದ ಕಲ್ಲು ಇರುವ ನಾಯಿಗೆ ಈ ಲೆಕ್ಕ ಹೊಂದುವುದಿಲ್ಲ. ಪಶುವೈದ್ಯರ ಬಳಿ ಹೋಗುವಾಗ "ಕೋಳಿ ಅನ್ನ ಹಾಕ್ತೀವಿ" ಎಂದಷ್ಟೇ ಹೇಳಬೇಡಿ. ಪ್ರತಿ ಪದಾರ್ಥದ ಗ್ರಾಂ ತೂಕ, ಚಿಪ್ಪಿನ ಪುಡಿಯ ಪ್ರಮಾಣ, ಕಳೆದ ಎರಡು ತಿಂಗಳ ದೇಹತೂಕ ಬರೆದುಕೊಂಡು ಹೋಗಿ. ಅಷ್ಟಿದ್ದರೆ ಅವರು ಊಟದಲ್ಲಿ ಏನು ಕಡಿಮೆ, ಏನು ಹೆಚ್ಚು ಎಂಬುದನ್ನು ಲೆಕ್ಕ ಹಾಕಿಯೇ ಹೇಳಬಲ್ಲರು.